ಕೋರ್ಟಿನ ಸಿನಿಮಾ ನೋಡುವಾಗ ಬೆರಳಚ್ಚುಗಾರರ ಕಡೆ ಕಣ್ಣಿಡಿ

ಕಾಸರಗೋಡು, ಕುಂಬಳೆ, ಮಂಜೇಶ್ವರದಿಂದ ಮಂಗಳೂರಿನ ಬಸ್ಸು ಹತ್ತಿ ಕಾನೂನು ಓದಲು ಹೋಗುವ ಮಕ್ಕಳು ಆಗಾಗ ಕೇಳುವುದುಂಟು: ನಿಜವಾದ ಕೋರ್ಟನ್ನು ತೋರಿಸುವ ಸಿನಿಮಾ ಯಾವುದು? ಇದನ್ನು ಅಳೆಯಲು ನನ್ನದೊಂದು ಮಾನದಂಡವಿದೆ. ಸಾಕ್ಷಿ ಬಾಯಿಬಿಟ್ಟಾಗ ಅವರ ಮಾತನ್ನು ಯಾರಾದರೂ ಬರೆದುಕೊಳ್ಳುತ್ತಿದ್ದಾರೆಯೇ ಎಂದು ನೋಡಿ. ನಮ್ಮ ವಿಚಾರಣಾ ನ್ಯಾಯಾಲಯದಲ್ಲಿ ಗೆಲ್ಲುವುದು ವಕೀಲರ ಗರ್ಜನೆಯಲ್ಲ, ದಾಖಲೆಗೆ ಏರಿದ ಸಾಲು. ಆ ಸಾಲು ಹೇಗೆ ಹುಟ್ಟುತ್ತದೆ ಎಂಬುದನ್ನು ಮರೆತ ಸಿನಿಮಾ ಎಷ್ಟೇ ರೋಚಕವಾಗಿದ್ದರೂ ನಿಮ್ಮ ಓದಿಗೆ ಉಪಯೋಗವಿಲ್ಲ.

ಮೊದಲು ಚೈತನ್ಯ ತಮ್ಹಾಣೆಯವರ ಮರಾಠಿ ಚಿತ್ರ ‘ಕೋರ್ಟ್’ (2014) ನೋಡಿ. ಮುಂಬೈಯ ಸೆಷನ್ಸ್ ನ್ಯಾಯಾಲಯದ ಕಥೆ. ಮ್ಯಾನ್‌ಹೋಲ್ ಕಾರ್ಮಿಕನೊಬ್ಬ ಸತ್ತಿದ್ದಾನೆ. ವೃದ್ಧ ಜನಪದ ಗಾಯಕನ ಹಾಡೇ ಅವನನ್ನು ಆತ್ಮಹತ್ಯೆಗೆ ಪ್ರಚೋದಿಸಿತು ಎಂಬುದು ಪೊಲೀಸರ ಆರೋಪ. ಮೊದಲ ಸಲ ಸುಮ್ಮನೆ ಕಥೆಗಾಗಿ ನೋಡಿ. ನಿಧಾನ ಎನಿಸುತ್ತದೆ, ಕೋರ್ಟೂ ನಿಧಾನವೇ.

ಎರಡನೆಯ ಸಲ ನೋಟ್‌ಬುಕ್ ಹಿಡಿದು ಮೂರು ಅಂಕಣ ಹಾಕಿಕೊಳ್ಳಿ: ಪ್ರಶ್ನೆ ಕೇಳಿದವರು ಯಾರು, ಸಾಕ್ಷಿ ಹೇಳಿದ್ದೇನು, ನ್ಯಾಯಾಧೀಶರು ಬರೆಸಿದ್ದೇನು. ಸತ್ತ ಕಾರ್ಮಿಕನ ಹೆಂಡತಿಯ ಸಾಕ್ಷ್ಯ ಬಂದಾಗ ನಿಲ್ಲಿಸಿ ನಿಲ್ಲಿಸಿ ಬರೆಯಿರಿ. ಮ್ಯಾನ್‌ಹೋಲಿಗೆ ಇಳಿಯುವ ಮುನ್ನ ಗಂಡ ಕಲ್ಲು ಎಸೆದು ನೋಡುತ್ತಿದ್ದ, ಜಿರಳೆ ಹೊರಬಂದರೆ ಒಳಗೆ ಉಸಿರಾಡಬಹುದು ಎಂದು ತಿಳಿಯುತ್ತಿದ್ದ ಎನ್ನುತ್ತಾಳೆ ಆಕೆ. ವಿಷಾನಿಲದಿಂದ ಅವನ ಒಂದು ಕಣ್ಣು ಹೋಗಿತ್ತು. ಈ ಉತ್ತರಗಳ ಭಾರವನ್ನು ಗಮನಿಸಿ. ಸಾಯಲೆಂದೇ ಇಳಿಯುವವನು ಒಳಗೆ ಗಾಳಿ ಇದೆಯೇ ಎಂದು ಪರೀಕ್ಷಿಸುವುದೇಕೆ? ಪ್ರತಿವಾದಿ ವಕೀಲರು ಇಲ್ಲಿ ಭಾಷಣ ಬಿಗಿಯುವುದಿಲ್ಲ. ಸಣ್ಣ ಸಣ್ಣ ಪ್ರಶ್ನೆ ಹಾಕಿ, ಬೇಕಾದ ಸಂಗತಿ ದಾಖಲೆಗೆ ಬಂದೊಡನೆ ಮುಂದೆ ಸಾಗುತ್ತಾರೆ. ವಾದ ಬೇರೆ ಹಂತದ ಕೆಲಸ.

ಇದನ್ನು ಮುಗಿಸಿದ ಮೇಲೆ ಭಾರತೀಯ ಸಾಕ್ಷ್ಯ ಅಧಿನಿಯಮ, 2023 ತೆರೆದು 143 ಮತ್ತು 146ನೇ ಕಲಂ ಓದಿ. ಮುಖ್ಯ ವಿಚಾರಣೆ, ಪಾಟೀಸವಾಲು, ಮರುವಿಚಾರಣೆ ಎಂಬ ಕ್ರಮ ಮೊದಲನೆಯದರಲ್ಲಿದೆ. ಉತ್ತರವನ್ನು ಬಾಯಿಗಿಡುವ ಸೂಚಕ ಪ್ರಶ್ನೆಯ ಮಾತು ಎರಡನೆಯದರಲ್ಲಿ. ತನ್ನದೇ ಸಾಕ್ಷಿಯನ್ನು “ಆರೋಪಿಯೇ ಕತ್ತಿ ಹಿಡಿದು ಓಡಿದನಲ್ಲವೇ?” ಎಂದು ಸರ್ಕಾರಿ ವಕೀಲರು ಕೇಳಿದರೆ, ಎದುರಿನವರು ಆಕ್ಷೇಪಿಸಬಹುದು. “ಆಗ ನೀವು ಏನು ಕಂಡಿರಿ?” ಎಂದೇ ಕೇಳಬೇಕು. ಪಾಟೀಸವಾಲಿನಲ್ಲಾದರೆ ಆ ಮೊದಲ ಬಗೆಯ ಪ್ರಶ್ನೆಗೆ ಅಡ್ಡಿಯಿಲ್ಲ. ಎಷ್ಟು ಸಿನಿಮಾಗಳು ಇಲ್ಲೇ ಎಡವುತ್ತವೆ ಎಂದು ನೀವೇ ನೋಡುವಿರಿ.

ಮುಂದಿನದು ನಮ್ಮ ಕಾಸರಗೋಡು ಜಿಲ್ಲೆಯಲ್ಲೇ ಚಿತ್ರೀಕರಣವಾದ ಮಲಯಾಳ ಚಿತ್ರ ‘ನ್ನಾ ತಾನ್ ಕೇಸ್ ಕೊಡು’ (2022). ನಾಯಿ ಕಚ್ಚಿದ ಹಳೆಯ ಕಳ್ಳನೊಬ್ಬ ರಸ್ತೆಯ ಹೊಂಡದ ಜಾಡು ಹಿಡಿದು ಸಚಿವರ ಮೇಲೆಯೇ ಕೇಸು ಹಾಕುವ ಹಾಸ್ಯ. ಮ್ಯಾಜಿಸ್ಟ್ರೇಟರಾಗಿ ನಟಿಸಿದ ಪಿ. ಪಿ. ಕುಂಞಿಕೃಷ್ಣನ್ ಅವರ ಗೊಣಗಾಟ, ಸಿಡುಕು, ನಡುನಡುವೆ ಇಣುಕುವ ಕರುಣೆ ಕೆಳಹಂತದ ಕೋರ್ಟಿನ ವಾತಾವರಣವನ್ನು ಚೆನ್ನಾಗಿ ಕಟ್ಟಿಕೊಡುತ್ತವೆ. ವಕೀಲರಿಲ್ಲದೆ ತಾನೇ ವಾದಿಸುವುದೂ ಸಾಧ್ಯ. ದೂರು ಸಾಗುವ ವೇಗವನ್ನು ಮಾತ್ರ ನಂಬಬೇಡಿ. ಖಾಸಗಿ ದೂರಿನಲ್ಲಿ ಮೊದಲು ದೂರುದಾರರ ಪ್ರಮಾಣಿತ ಹೇಳಿಕೆ ಆಗಬೇಕು. ಸಚಿವರು ಅಧಿಕಾರದ ಕೆಲಸದಲ್ಲಿ ಮಾಡಿದ್ದೆಂದಾದರೆ ಸರ್ಕಾರದ ಪೂರ್ವಾನುಮತಿಯ ಪ್ರಶ್ನೆ ಏಳುತ್ತದೆ.

‘ಜೈ ಭೀಮ್’ (2021) ಅನ್ನು ಕೊನೆಗಿಟ್ಟುಕೊಳ್ಳಿ. ಅದು ಮದ್ರಾಸ್ ಹೈಕೋರ್ಟಿನಲ್ಲಿ, ಬಂಧನದಲ್ಲಿರುವವರನ್ನು ಕೋರ್ಟಿನ ಮುಂದೆ ತರಿಸಿ ಎಂದು ಕೇಳುವ ಹೇಬಿಯಸ್ ಕಾರ್ಪಸ್ ಅರ್ಜಿಯ ಕಥೆ. ಇಂಥ ಅರ್ಜಿಗಳು ಸಾಮಾನ್ಯವಾಗಿ ಅಫಿಡವಿಟ್‌ಗಳ ಮೇಲೆಯೇ ತೀರ್ಮಾನವಾಗುತ್ತವೆ. ಸಾಕ್ಷಿಗಳನ್ನು ಕರೆಸಿ ಪಾಟೀಸವಾಲು ನಡೆಸುವುದು ಅಪರೂಪ. ತುರ್ತು ಪರಿಸ್ಥಿತಿಯಲ್ಲಿ ಕಾಣೆಯಾದ ಕೋಯಿಕ್ಕೋಡಿನ ಎಂಜಿನಿಯರಿಂಗ್ ವಿದ್ಯಾರ್ಥಿ ರಾಜನ್ ಪ್ರಕರಣದಲ್ಲಿ, ತಂದೆ ಈಚರ ವಾರಿಯರ್ ಸಲ್ಲಿಸಿದ ಅರ್ಜಿಯ ಮೇಲೆ ಕೇರಳ ಹೈಕೋರ್ಟು 1977ರಲ್ಲಿ ಹಾಗೆ ಮಾಡಿತ್ತು. ಆ ತೀರ್ಪನ್ನು ಓದಿಯೇ ಸಿನಿಮಾ ನೋಡಿ. ಇಲ್ಲವಾದರೆ ಅಪವಾದವನ್ನೇ ನಿಯಮವೆಂದು ತಿಳಿದುಬಿಡುತ್ತೀರಿ.

ಇಷ್ಟಾದ ಮೇಲೆ ಅದೇ ಮೂರು ಅಂಕಣದ ನೋಟ್‌ಬುಕ್ ಹಿಡಿದು ವಿದ್ಯಾನಗರದ ಕೋರ್ಟಿಗೆ ಹೋಗಿ. ಅತ್ಯಾಚಾರದಂಥ ಗುಪ್ತ ವಿಚಾರಣೆಗಳನ್ನು ಬಿಟ್ಟರೆ ಕೋರ್ಟು ತೆರೆದೇ ಇರುತ್ತದೆ. ಮೊಬೈಲ್ ಆರಿಸಿ, ಹಿಂದಿನ ಬೆಂಚಿನಲ್ಲಿ ಕುಳಿತುಕೊಳ್ಳಿ. ತುಳುವಿನಲ್ಲೋ ಕನ್ನಡದಲ್ಲೋ ಉತ್ತರಿಸುವ ಸಾಕ್ಷಿ ಸಿಕ್ಕಿದರೆ ನಿಮ್ಮ ಅದೃಷ್ಟ. ಆಡಿದ ಮಾತು ಬೇರೆ ಭಾಷೆಯ ದಾಖಲೆಯಾಗುವಾಗ ಏನು ಉಳಿಯಿತು, ಏನು ಉದುರಿತು ಎಂಬುದನ್ನು ಮೂರನೆಯ ಅಂಕಣದಲ್ಲಿ ಬರೆದುಕೊಳ್ಳಿ. ಕೊನೆಗೆ ಕೋರ್ಟಿನ ಆ ದಾಖಲೆಯನ್ನು ಸಾಕ್ಷಿಗೆ ಓದಿ ಹೇಳುವಾಗ ಯಾವ ವಕೀಲರು ತಲೆಯೆತ್ತಿ ಕೇಳಿಸಿಕೊಳ್ಳುತ್ತಾರೆ ಎಂಬುದನ್ನೂ ನೋಡಿ. ಜೂನಿಯರ್ ಆಗಿ ಸೇರುವುದಿದ್ದರೆ ಅವರ ಕಚೇರಿಯನ್ನೇ ಕೇಳಿ.