ಪಾತ್ರಗಳು ಜಾಸ್ತಿ ಇರೋ ಕಾದಂಬರಿಗೆ ಮನೆಗಳ ನಕ್ಷೆ

‘ಮಲೆಗಳಲ್ಲಿ ಮದುಮಗಳು’ ಅರ್ಧಕ್ಕೇ ಬಿಟ್ಟವರು ಇದನ್ನೊಮ್ಮೆ ಮಾಡಿ ನೋಡಿ. ವಂಶವೃಕ್ಷ ಬರೆಯಬೇಡಿ. ಈ ಕಾದಂಬರಿಯಲ್ಲಿ ಜನ ನೆನಪಿರುವುದು ಊರು, ಮನೆಯಿಂದ. ಹಾಗಾಗಿ ಒಂದು ದೊಡ್ಡ ಹಾಳೆ ಅಡ್ಡ ಇಟ್ಟು, ಸಿಂಬಾವಿ, ಬೆಟ್ಟಳ್ಳಿ, ಕೋಣೂರು, ಹೂವಳ್ಳಿ ಅಂತ ದೂರ ದೂರ ಚೌಕ ಹಾಕಿ. ಹೆಸರು ಆಯಾ ಚೌಕದೊಳಗೆ.

ಗೆರೆ ಮೂರೇ ಬಗೆ ಸಾಕು. ರಕ್ತಸಂಬಂಧಕ್ಕೆ ಒಂಟಿ ಗೆರೆ, ಮದುವೆ ಅಥವಾ ಪ್ರೀತಿಗೆ ಜೋಡಿ ಗೆರೆ, ಒಡೆಯ-ಆಳಿಗೆ ಚುಕ್ಕಿ ಗೆರೆ. ಗುತ್ತಿ ಸಿಂಬಾವಿಯ ಚೌಕದಲ್ಲಿ, ತಿಮ್ಮಿ ಬೆಟ್ಟಳ್ಳಿಯಲ್ಲಿ, ನಡುವೆ ಜೋಡಿ ಗೆರೆ. ಕೋಣೂರಿನ ಮುಕುಂದಯ್ಯನಿಂದ ಹೂವಳ್ಳಿ ಚಿನ್ನಮ್ಮನಿಗೆ ಇನ್ನೊಂದು. ಗುತ್ತಿಯ ಪಕ್ಕ ಹುಲಿಯನನ್ನೂ ಬರೆಯಿರಿ. ಅದು ನಾಯಿಯೇ, ಆದರೆ ಬಿಡುವಂಥ ಪಾತ್ರವಲ್ಲ!

ಮೊದಲ ಸಲ ಬಂದ ಹೆಸರನ್ನೆಲ್ಲ ಬರೆದರೆ ಹಾಳೆ ಬೇಗ ತುಂಬುತ್ತದೆ. ಎರಡನೇ ಸಲ ಬಂದಾಗ ಸೇರಿಸಿ, ಪಕ್ಕದಲ್ಲಿ ಪುಟಸಂಖ್ಯೆ ಹಾಕಿ. ಪೆನ್ಸಿಲ್ಲೇ ಇರಲಿ, ಸಂಬಂಧ ಬದಲಾಗುತ್ತಾ ಹೋಗುತ್ತದೆ. ಗೆರೆಗಳು ಸಿಕ್ಕಾಪಟ್ಟೆ ಹೆಣೆದುಕೊಂಡರೆ, ಹೆಚ್ಚು ಗೆರೆ ಇರೋ ಮನೆಯನ್ನು ಮಧ್ಯಕ್ಕೆ ತಂದು ಹೊಸದಾಗಿ ಬರೆಯಿರಿ. ಬೇರೆಯವರು ಮಾಡಿದ ನಕ್ಷೆ ಮಾತ್ರ ಮೊದಲೇ ನೋಡಬೇಡಿ, ಯಾರು ಯಾರ ಜೊತೆ ಸೇರ್ತಾರೆ ಅನ್ನೋದು ಅಲ್ಲೇ ಗೊತ್ತಾಗಿಬಿಡುತ್ತದೆ.