ಕರಡು ಬರಹಕ್ಕೆ ಜೀವ ಬರಲು ಹತ್ತು ನಿಮಿಷ

ಕರಡು ಒಣಒಣ ಅನ್ನಿಸಿದರೆ ಕಾಗುಣಿತ ಆಮೇಲೆ ನೋಡಿ, ಮೊದಲು ಯಾರು ಏನು ಮಾಡಿದರು ಅನ್ನೋದನ್ನು ಬರೆಯಿರಿ. ಐದು ನಿಮಿಷ ಇದಕ್ಕೇ ಇಡಿ. ಸಭೆಯ ವರದಿಯಲ್ಲಿ ‘ನೀರಿನ ಸಮಸ್ಯೆ ಕುರಿತು ಚರ್ಚಿಸಲಾಯಿತು’ ಅಂತಿದ್ದರೆ, ‘ಹಿಂದಿನ ಬೀದಿಗೆ ನಾಲ್ಕು ದಿನದಿಂದ ನೀರಿಲ್ಲ ಅಂತ ಮೂಲೆಮನೆಯ ಅಜ್ಜಿ ಎದ್ದು ನಿಂತು ಹೇಳಿದರು’ ಅಂತ ಮಾಡಿ. ‘ಲಾಯಿತು’, ‘ಲಾಗಿದೆ’ ಬಂದ ಕಡೆಯೆಲ್ಲ ಮಾಡಿದವರು ಮರೆಯಾಗುತ್ತಾರೆ, ಓದುವವರಿಗೆ ಯಾರ ಮುಖವೂ ಕಾಣುವುದಿಲ್ಲ. ಮುಂದಿನ ಮೂರು ನಿಮಿಷ ಗಟ್ಟಿಯಾಗಿ ಓದಿ. ಉಸಿರು ಸಾಲದ ವಾಕ್ಯವನ್ನು ಎರಡು ಮಾಡಿ. ಕೊನೆಗೆ ‘ಈ ನಿಟ್ಟಿನಲ್ಲಿ’, ‘ಪ್ರಸ್ತುತ’ ತರಹದ ಪದಗಳನ್ನು ಹೊಡೆದುಹಾಕಿ. ಅರ್ಥ ಕೆಡದಿದ್ದರೆ ಅವು ಸುಮ್ನೆ ಕೂತಿದ್ದವು ಅಂತಲೇ ಅಲ್ವಾ? ವಿವರ ನಿಮಗೇ ಗೊತ್ತಿಲ್ಲದಿದ್ದರೆ ಇದು ನಡೆಯುವುದಿಲ್ಲ. ಆಗ ಕಟ್ಟಿ ಬರೆಯಬೇಡಿ, ಸಭೆಗೆ ಹೋದವರನ್ನೇ ಕೇಳಿ.