ಪ್ಲೇಲಿಸ್ಟ್‌ನಲ್ಲಿ ನಕಲಿ ಹಾಡು: ಅಸಲಿ ಹುಡುಕಿದ ನನ್ನ ಅನುಭವ

"ಹಾಡು ಹಾಡೇ ಮಾರಾಯಾ, ಅಷ್ಟು ಗಲಾಟೆಯಲ್ಲಿ ಯಾರಿಗೆ ಗೊತ್ತಾಗುತ್ತೆ?" ನಮ್ಮ ಮಡಿಕೇರಿ, ವಿರಾಜಪೇಟೆ ಕಡೆಯ ಸೌಂಡ್‌ನವರು ನನಗೆ ಹೇಳುತ್ತಾ ಬಂದಿದ್ದು ಇದನ್ನೇ. ಗೊತ್ತಾಗುತ್ತೆ. ಪೊನ್ನಂಪೇಟೆ ಹತ್ತಿರ ಒಂದು ಮನೆಯಲ್ಲಿ ಐವತ್ತನೇ ಮದುವೆ ವಾರ್ಷಿಕೋತ್ಸವ, ಸೌಂಡ್ ನನ್ನದು. ಆ ಮನೆಯ ಸೊಸೆ ಕಳಿಸಿದ ಪ್ಲೇಲಿಸ್ಟ್ ಹಾಗೆಯೇ ಹಾಕಿದ್ದೆ. ಮೂರನೇ ಹಾಡಿಗೆ ಯಜಮಾನರು ಊಟದ ಎಲೆ ಬಿಟ್ಟು ಎದ್ದು ಬಂದರು. "ಇದು ಜಾನಕಮ್ಮ ಅಲ್ಲ ಕಣಪ್ಪ, ಯಾರೋ ಮಗು ಹಾಡಿದ ಹಾಗಿದೆ." ಹನ್ನೆರಡು ಸಾವಿರದ ಬಿಲ್ಲಿನಲ್ಲಿ ಎರಡು ಸಾವಿರವೋ ಎರಡೂವರೆಯೋ ಮುರಿದುಕೊಂಡು ಕೊಟ್ಟರು. ಅಲ್ಲಿಂದ ಶುರುವಾಯಿತು ನನ್ನ ಹಠ.

ಅದು ರಾಜನ್–ನಾಗೇಂದ್ರ ಸಂಗೀತದ ಒಂದು ಯುಗಳ ಗೀತೆ. ಸ್ಕ್ರೀನ್ ಮೇಲೆ ಹಾಡಿನ ಹೆಸರು ಸರಿ, ಸಿನಿಮಾ ಹೆಸರು ಸರಿ, ಕಲಾವಿದರ ಜಾಗದಲ್ಲಿ ರಾಜನ್–ನಾಗೇಂದ್ರ ಅಂತಲೇ ಇದೆ. ಉದ್ದ ಮಾತ್ರ ಮೂರು ನಿಮಿಷ 32 ಸೆಕೆಂಡ್. ಆ ಕಾಲದ ಡ್ಯುಯೆಟ್‌ಗೆ ಅದು ಕಡಿಮೆಯಾಯಿತು ಅಂತ ಕಿವಿ ಪಳಗಿದವರಿಗೆ ಹೊಳೆಯುತ್ತೆ. ವೇಗ ಹೆಚ್ಚಿಸಿದ ಪ್ರತಿ ಅಂತ ಅಲ್ಲಿಗೇ ಖಾತ್ರಿಯಾಯಿತು.

ಸೊಸೆಯನ್ನು ಕೇಳಿದೆ. ಹಳೇ ಆ್ಯಪ್ ಬಿಟ್ಟು ಹೊಸ ಆ್ಯಪ್‌ಗೆ ಬರುವಾಗ ಪ್ಲೇಲಿಸ್ಟ್ ಪೂರ್ತಿ ಒಂದೇ ಸಲ ವರ್ಗ ಮಾಡಿಕೊಂಡಿದ್ದರಂತೆ. ಎಡವಟ್ಟು ಅಲ್ಲೇ ಆಗಿತ್ತು. ಅಂಥ ವರ್ಗಾವಣೆಯಲ್ಲಿ ಎಷ್ಟೋ ಸಲ ತಾಳೆಯಾಗುವುದು ಹೆಸರು ಮಾತ್ರ, ದನಿ ಅಲ್ಲ. ಅಸಲಿ ಹಾಡು ಹೊಸ ಜಾಗದಲ್ಲಿ ಇಲ್ಲದಿದ್ದರೆ, ಅಥವಾ ಅಲ್ಲಿ ಬೇರೆ ಸ್ಪೆಲ್ಲಿಂಗ್‌ನಲ್ಲಿ ಇದ್ದರೆ, ಅದೇ ಹೆಸರಿನ ಬೇರೆ ಯಾವುದೋ ಬಂದು ಕೂರುತ್ತದೆ. ಕನ್ನಡ ಹಾಡಿನ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ, ಹಾಗಾಗಿ ನಮಗೆ ಈ ಕಾಟ ಜಾಸ್ತಿ. ರೀಲ್ಸ್‌ನಲ್ಲಿ ಓಡಿದ ಫಾಸ್ಟ್ ಪ್ರತಿ ಆದರೆ ಹುಡುಕಾಟದಲ್ಲೂ ಅದೇ ಮೇಲೆ ಬಂದಿರುತ್ತದೆ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಕೇಳಿಸಿದ ಹಾಡು ಯಾವುದು ಅಂತ ಗುರುತಿಸುವ ಆ್ಯಪ್, ಶಜಾಮ್‌ಗೆ ಕೇಳಿಸಿದೆ. ಅದು ಆ ಫಾಸ್ಟ್ ಪ್ರತಿಯನ್ನೇ ತೋರಿಸಿತು, ಅದೂ ಒಂದು ಬಿಡುಗಡೆಯಾದ ಟ್ರ್ಯಾಕ್ ತಾನೆ. ಆಮೇಲೆ ಯೂಟ್ಯೂಬ್‌ನಲ್ಲಿ ಅದೇ ಪ್ರತಿ ಹುಡುಕಿ 0.75ಕ್ಕೆ ಇಳಿಸಿ ಕೇಳಿಸಿದೆ. ಏನೂ ಸಿಗಲಿಲ್ಲ. ಸಿಗುವುದೂ ಇಲ್ಲ. ಅಲ್ಲಿ ವೇಗ ಇಳಿಸಿದರೆ ತಾಳ ನಿಧಾನ ಆಗುತ್ತದೆ, ಶ್ರುತಿ ಮಾತ್ರ ಇದ್ದಲ್ಲೇ ಇರುತ್ತದೆ. ಹಾಡು ಮೆಲ್ಲಗೆ ಹೋಗುತ್ತಾ ಇರುತ್ತೆ, ದನಿ ಅದೇ ಕೀರಲು. ಫಾಸ್ಟ್ ಮಾಡಿದವರು ಟೇಪ್ ಓಡಿಸಿದ ಹಾಗೆ ತಾಳ, ಶ್ರುತಿ ಎರಡನ್ನೂ ಒಟ್ಟಿಗೆ ಏರಿಸಿರುತ್ತಾರೆ. ಇಳಿಸುವಾಗಲೂ ಎರಡನ್ನೂ ಒಟ್ಟಿಗೆ ಇಳಿಸಬೇಕು.

ಮಿಕ್ಸರ್‌ನ ರೆಕಾರ್ಡ್ ಔಟ್‌ನಿಂದ ಒಂದು ನಿಮಿಷದಷ್ಟು ಲ್ಯಾಪ್‌ಟಾಪ್‌ಗೆ ತೆಗೆದುಕೊಂಡೆ. ಆಡಾಸಿಟಿಯಲ್ಲಿ `Change Speed and Pitch` ಬಳಸಬೇಕು, `Change Tempo` ಅಲ್ಲ. ಆಡಾಸಿಟಿ ಇಲ್ಲದವರು ವಿಎಲ್‌ಸಿಯಲ್ಲೇ ಮಾಡಬಹುದು. ಅದೂ ಸುಮ್ನೆ ಬಿಟ್ಟರೆ ಶ್ರುತಿಯನ್ನು ಹಿಡಿದಿಟ್ಟುಕೊಳ್ಳುತ್ತದೆ, ಆ ಗುಣವನ್ನು ಆಫ್ ಮಾಡಬೇಕು:

```
vlc --no-audio-time-stretch --rate=0.8 hadu.mp3
```

ಎಷ್ಟಕ್ಕೆ ಇಳಿಸುವುದು? ಇಲ್ಲೇ ತುಂಬ ಜನ ಎಡವುತ್ತಾರೆ. 25 ಶೇಕಡಾ ಏರಿಸಿದ್ದನ್ನು ಸರಿ ಮಾಡಲು 25 ಶೇಕಡಾ ಇಳಿಸಿದರೆ ಆಗಲ್ಲ. 1.25ಕ್ಕೆ ಉತ್ತರ 0.8, ಅಂದರೆ 20 ಶೇಕಡಾ. ನಾನು 0.85 ನೋಡಿದೆ, ದನಿ ಇನ್ನೂ ಬಾಲಕಿಯದೇ. 0.8ಕ್ಕೆ ತಂದಾಗ ಗಂಡಸಿನ ದನಿಗೆ ಎದೆ ಬಂತು. ಎರಡು ಮೂರು ಸಲದಲ್ಲೇ ಸರಿಯಾದ ಅಂಕಿ ಹಿಡಿಯಲು ನಾನು ಹಾಡಿನ ಒಂದು ಜಾಗವನ್ನು ಕೇಳುತ್ತೇನೆ. ಯಾವ ಜಾಗ ಅಂತ ಇಲ್ಲಿ ಬರೆಯಲ್ಲ, ಅದು ನನ್ನ ಹೊಟ್ಟೆಪಾಡು.

ನಡುವೆ ಒಂದು ಬೇರೆ ಪ್ರಯೋಗವನ್ನೂ ಮಾಡಿದೆ. ಅಪ್ಪನ ಕ್ಯಾಸೆಟ್ ಡಬ್ಬದಲ್ಲಿ ಇದೇ ಸಿನಿಮಾದ ಕ್ಯಾಸೆಟ್ ಇತ್ತು. ಅದರ ಶ್ರುತಿಗೆ ಹೋಲಿಸಿದರೆ ಅಂಕಿ ಖಚಿತ ಆಗುತ್ತಲ್ಲ ಅಂತ. ಮಳೆಗಾಲದ ತೇವಕ್ಕೆ ಕ್ಯಾಸೆಟ್‌ಗೆ ಬೂಷ್ಟು ಹಿಡಿದಿತ್ತು, ಡೆಕ್ಕಿನ ಬೆಲ್ಟ್ ಸಡಿಲ. ಮೈಸೂರಿಗೆ ಕೊಂಡುಹೋಗಿ ರಿಪೇರಿಗೆ ಸಾವಿರದ ಎಂಟುನೂರೋ ಏನೋ ಸುರಿದೆ. ಹಾಡಿತು, ಆದರೆ ಡೆಕ್ ಮೂರು ಶೇಕಡಾ ಆಚೀಚೆ ಓಡಿದರೆ ಶ್ರುತಿ ಹಾರ್ಮೋನಿಯಂನ ಅರ್ಧ ಮನೆಯಷ್ಟು ಜಾರುತ್ತದೆ. ಅಳತೆಗೋಲಾಗಿ ಅದು ದಂಡ. ಆದರೂ ದುಡ್ಡು ಪೂರ್ತಿ ನೀರಿಗೆ ಹೋಗಲಿಲ್ಲ, ಯಾಕೆ ಅಂತ ಹೇಳುತ್ತೇನೆ.

0.8ಕ್ಕೆ ಇಳಿಸಿದ ತುಂಡನ್ನು ಮತ್ತೆ ಶಜಾಮ್‌ಗೆ ಕೇಳಿಸಿದೆ. ಈ ಸಲ ಬೇರೆ ಆಲ್ಬಂ ಬಂತು. ಉದ್ದ ನಾಲ್ಕು ನಿಮಿಷ 25 ಸೆಕೆಂಡ್. ಲೆಕ್ಕ ಹಾಕಿ ನೋಡಿ: 265 ಸೆಕೆಂಡನ್ನು 1.25ರಿಂದ ಭಾಗಿಸಿದರೆ 212, ಅಂದರೆ ಸರಿಯಾಗಿ 3:32. ಗೆದ್ದೆ ಅಂದುಕೊಂಡು ಹಾಡು ಹಾಕಿದರೆ, ಅದೂ ಅಸಲಿ ಅಲ್ಲ! ಅದು ಕವರ್, ಅಂದರೆ ಅದೇ ಹಾಡನ್ನು ಬೇರೆಯವರಿಂದ ಮತ್ತೆ ಹಾಡಿಸಿದ್ದು. ಯಾರೋ ಆ ಕವರ್ ಹಾಡನ್ನೇ ಫಾಸ್ಟ್ ಮಾಡಿದ್ದರು.

ಗೊತ್ತಾಗಿದ್ದು ಎರಡನೇ ಬಿಜಿಎಂನಲ್ಲಿ. ಕ್ಯಾಸೆಟ್‌ನಲ್ಲಿ ಅಲ್ಲಿ ವಯಲಿನ್‌ಗಳ ಗುಂಪು ಏರಿ ಇಳಿಯುತ್ತದೆ, ಕೊಳಲಿನವರು ಉಸಿರು ತೆಗೆದುಕೊಳ್ಳುವುದೂ ಕೇಳಿಸುತ್ತದೆ. ಇದರಲ್ಲಿ ಕೀಬೋರ್ಡ್ ಕೊಳಲು, ಪ್ರತಿ ಸುತ್ತಿಗೂ ಒಂದೇ ಏಟಿನ ತಬಲಾ. ರಿಪೇರಿ ದುಡ್ಡು ವಸೂಲಿ! ಹಾಡುವವರಿಗಿಂತ ಬಿಜಿಎಂ ನಂಬಿ. ಚೆನ್ನಾಗಿ ಅನುಕರಿಸುವ ಗಾಯಕರು ಸಿಗುತ್ತಾರೆ, ಕವರ್ ಹಾಡಿಗೆ ಮೂವತ್ತು ಜನರ ಆರ್ಕೆಸ್ಟ್ರಾ ಕರೆಸುವವರು ಅಪರೂಪ.

ಈ ಕವರ್‌ಗಳೆಲ್ಲ ಕಳ್ಳಮಾಲು ಅಂತ ತಿಳಿಯಬೇಡಿ. ಹಿಂದೆ ಅಸಲಿ ಬಂದು ಎರಡು ವರ್ಷ ಕಳೆದರೆ, ಹಾಡಿನ ಹಕ್ಕಿನವರಿಗೆ ರಾಯಲ್ಟಿ ಕೊಟ್ಟು ಬೇರೆಯವರು ಹಾಡಿಸಬಹುದಿತ್ತು. ಕಾಪಿರೈಟ್ ಕಾನೂನಿನ 2012ರ ತಿದ್ದುಪಡಿ ಆಮೇಲೆ ಅದು ಐದು ವರ್ಷ ಆಯಿತು. ಹಾಗೆ ಮಾಡಿದ ಕವರ್ ಮೇಲೆ ಮೊದಲು ಹಾಡಿದವರ ಹೆಸರು ಇರಬಾರದು ಅಂತಲೂ ಈಗಿನ ಕಾನೂನಿನಲ್ಲಿದೆ. ಸಂಗೀತ ನಿರ್ದೇಶಕರ ಹೆಸರು ಹಾಕಬಹುದು, ಟ್ಯೂನ್ ಅವರದೇ ಅಲ್ವಾ. ಅದಕ್ಕೇ ಕಲಾವಿದರ ಜಾಗದಲ್ಲಿ ಬರೀ ರಾಜನ್–ನಾಗೇಂದ್ರ ಅಂತ ಕಂಡರೆ ನಾನು ಕ್ರೆಡಿಟ್ಸ್ ತೆರೆದು ಹಾಡಿದವರು ಯಾರು ಅಂತ ನೋಡದೆ ಬಿಡಲ್ಲ.

ಇನ್ನು ಅಸಲಿ. ಆಲ್ಬಂ ಪುಟದ ಕೆಳಗೆ ℗ ಗುರುತಿನ ಸಾಲು ಇರುತ್ತದೆ. ಅದು ಆ ರೆಕಾರ್ಡಿಂಗ್ ಯಾರದ್ದು, ಯಾವ ವರ್ಷದ್ದು ಅಂತ ಹೇಳುವ ಸಾಲು. ಕವರ್‌ನಲ್ಲಿ ಎರಡು ಸಾವಿರದ ಆಚೆಯ ವರ್ಷ, ಕ್ಯಾಸೆಟ್ ಮೇಲಿಲ್ಲದ ಕಂಪನಿ. ಆಗ ಕ್ಯಾಸೆಟ್‌ನ ಹಿಂಬದಿ ನೋಡಿದೆ, ಕಂಪನಿಯ ಹೆಸರು ಅಲ್ಲೇ ಅಚ್ಚಾಗಿತ್ತು. ರಿಪೇರಿ ದುಡ್ಡು ವಸೂಲಿ! ರೆಕಾರ್ಡಿಂಗ್ ಕೋಡ್ ಹುಡುಕುವ `isrcsearch.ifpi.org` ತೆರೆದು ಸಿನಿಮಾ ಹೆಸರಿನ ಜೊತೆ ಗಾಯಕರ ಹೆಸರು ಹಾಕಿ, ಸ್ಪೆಲ್ಲಿಂಗ್ ಬದಲಾಯಿಸಿ ಬದಲಾಯಿಸಿ ಹುಡುಕಿದೆ. ಪ್ರತಿ ರೆಕಾರ್ಡಿಂಗ್‌ಗೂ ಹನ್ನೆರಡು ಅಕ್ಷರದ ಗುರುತಿನ ಕೋಡ್, ಅಂದರೆ ಐಎಸ್‌ಆರ್‌ಸಿ ಇರುತ್ತದೆ. ಕವರ್‌ಗೆ ಒಂದು, ಫಾಸ್ಟ್ ಪ್ರತಿಗೆ ಇನ್ನೊಂದು, ಅಸಲಿಗೆ ಮತ್ತೊಂದು. ಗಾಯಕರು ಎಸ್‌ಪಿಬಿ, ಎಸ್. ಜಾನಕಿ, ಉದ್ದ ನಾಲ್ಕೂ ಮುಕ್ಕಾಲು ನಿಮಿಷದ ಹತ್ತಿರ ಇದ್ದ ಸಾಲನ್ನು ಹಿಡಿದೆ. ಕೋಡ್ ನಕಲಿಸಿ ಸ್ಪಾಟಿಫೈ ಹುಡುಕಾಟದಲ್ಲಿ `isrc:` ಅಂತ ಹೊಡೆದು ಅದರ ಪಕ್ಕ ಜಾಗ ಬಿಡದೆ ಹಾಕಿದೆ. ಒಂದೇ ಹಾಡು ಬಂತು. ವಯಲಿನ್ ಗುಂಪು, ಕೊಳಲಿನ ಉಸಿರು, ಎಲ್ಲಾ ಇದೆ.

ಕೋಡಿನೊಳಗೆ ಎರಡಂಕಿಯ ವರ್ಷ ಇರುತ್ತದೆ, ಅದನ್ನು ಸಿನಿಮಾ ವರ್ಷ ಅಂತ ಓದಬೇಡಿ. ಅದು ಕೋಡ್ ಕೊಟ್ಟ ವರ್ಷ. ಎಪ್ಪತ್ತರ ದಶಕದ ಹಾಡಿಗೆ 2000ದ ಆಚೆಯ ಅಂಕಿ ಇರುವುದು ಮಾಮೂಲು. ಒಂದೇ ಅಸಲಿಗೆ ಎರಡು ಕೋಡ್ ಇರುವುದೂ ಉಂಟು. ಹಿನ್ನೆಲೆಯಲ್ಲಿ ಹಳೇ ಟೇಪಿನ ಸುಯ್ ಸದ್ದು ಇಲ್ಲ ಅಂದ ಮಾತ್ರಕ್ಕೆ ಕವರ್ ಅಂತ ತೀರ್ಮಾನಿಸಬೇಡಿ, ಶುದ್ಧ ಮಾಡಿದ ಅಸಲಿಗಳೂ ಇವೆ.

ಈಗ ಪ್ಲೇಲಿಸ್ಟ್ ತಪಾಸಣೆಗೆ ಅಂತಲೇ ಬೇರೆ ಐನೂರು ತೆಗೆದುಕೊಳ್ಳುತ್ತೇನೆ, ನಲವತ್ತು ಹಾಡಿಗೆ ಒಂದು ಸಂಜೆ ಬೇಕು. ಹಾಡು ಹಾಡೇ ಅಂದ ಆ ಸೌಂಡ್‌ನವರಲ್ಲಿ ಇಬ್ಬರು ಈಗ ಅವರ ಗಿರಾಕಿಗಳ ಲಿಸ್ಟ್ ನನಗೇ ಕಳಿಸುತ್ತಾರೆ. ನಲವತ್ತರಲ್ಲಿ ಐದಾರು ನಕಲಿ ಸಿಗುತ್ತವೆ, ಒಂದೋ ಎರಡೋ ಯಾವ ಆ್ಯಪ್‌ನಲ್ಲೂ ಅಸಲಿ ಇಲ್ಲದವು. ಅಂಥದ್ದಕ್ಕೆ ಗಿರಾಕಿಗೆ ಮೊದಲೇ ಫೋನ್ ಮಾಡಿ, "ಮಾವ, ಇದು ಕವರ್ ಮಾತ್ರ ಸಿಗೋದು, ಹಾಕಲಾ ಬಿಡಲಾ?" ಅಂತ ಕೇಳುತ್ತೇನೆ. ಹೆಚ್ಚಿನವರು ಬಿಡು ಅನ್ನುತ್ತಾರೆ. ಹಾಲ್ ಇರುವ ಕಡೆ ನೆಟ್‌ವರ್ಕ್ ನಂಬುವ ಹಾಗಿಲ್ಲ, ಹಾಗಾಗಿ ಹಿಂದಿನ ರಾತ್ರಿಯೇ ಎಲ್ಲಾ ಡೌನ್‌ಲೋಡ್ ಮಾಡಿ, ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ಪ್ರತಿ ಹಾಡಿನ ಎರಡನೇ ಬಿಜಿಎಂ ಒಂದು ಸಲ ಕೇಳಿಯೇ ಮಲಗುತ್ತೇನೆ.